ಕಾಂಪೊನೆಂಟ್ ಲೆಕ್ಕಕ್ಕೆ ಮೊದಲು ಆರು ಚುಕ್ಕೆ ಇಡ್ರಿ

"ಬಾಗಲಕೋಟೆಯಲ್ಲಿ ಬಿಇ ಓದ್ತಿದ್ದೀನಿ ಸರ್. n ವರ್ಟೆಕ್ಸ್, k ಕಾಂಪೊನೆಂಟ್ ಇರೋ ಸಿಂಪಲ್ ಗ್ರಾಫಿನಲ್ಲಿ ಹೆಚ್ಚೆಂದರೆ (n−k)(n−k+1)/2 ಎಡ್ಜ್ ಅಂತ ಸಾಧಿಸಬೇಕು. ಬಾಯಿಪಾಠ ಮಾಡಿದ ಬೀಜಗಣಿತ ನಡುವೆ ಕೈಕೊಡ್ತದೆ. ಚಿತ್ರದಿಂದ ಹೊಳೀತದಾ?"

ಹೊಳೀತದೆ, ಆದರೆ ಚಿತ್ರ ತೀರಾ ಸಣ್ಣದಿರಬಾರದು. n=3, k=2 ತಗೊಂಡರೆ ಒಂದೇ ವಿಂಗಡಣೆ; ಹೋಲಿಸಲಿಕ್ಕೆ ಏನೂ ಸಿಗೋದಿಲ್ಲ. n=6, k=2 ತಗೊಳ್ರಿ.

ಆರು ಹಳ್ಳಿ, ನಡುವೆ ಘಟಪ್ರಭಾ ಹೊಳೆ, ಸೇತುವೆ ಇಲ್ಲ ಅಂದುಕೊಳ್ರಿ. ಒಂದೊಂದು ದಂಡೆಯೊಳಗೆ ಎಷ್ಟು ರಸ್ತೆ ಹಾಕಿದರೂ ಕಾಂಪೊನೆಂಟ್ ಸಂಖ್ಯೆ ಬದಲಾಗೋದಿಲ್ಲ. ಹಾಗಾಗಿ ಎಡ್ಜ್ ಗರಿಷ್ಠ ಇರಬೇಕಾದರೆ ಪ್ರತಿ ಕಾಂಪೊನೆಂಟ್ ಕಂಪ್ಲೀಟ್ ಗ್ರಾಫ್ ಆಗಿರಲೇಬೇಕು. ಇದು ವಾದದ ಮೊದಲ ಸಾಲು.

ಈಗ ಮೂರು ಚಿತ್ರ ಬರೀರಿ. 3+3 ಹಂಚಿದರೆ 3+3=6 ಎಡ್ಜ್. 4+2 ಹಂಚಿದರೆ 6+1=7. 5+1 ಹಂಚಿದರೆ 10. ಸಮ ಹಂಚಿಕೆಯಲ್ಲೇ ಹೆಚ್ಚು ಬರ್ತದೆ ಅಂತ ಬಹಳ ಮಂದಿ ಊಹಿಸ್ತಾರೆ. ಚಿತ್ರ ಆ ಊಹೆಯನ್ನು ಅಲ್ಲೇ ಮುರೀತದೆ.

6 ಯಾಕೆ 7 ಆಯ್ತು ಅಂತ ಬೆರಳಿಟ್ಟು ನೋಡ್ರಿ. 3+3ರಲ್ಲಿ ಒಂದು ಚುಕ್ಕೆಯನ್ನು ಆಚೆ ದಂಡೆಗೆ ಒಯ್ದಿರಿ. ಅದರ ಹಳೇ 2 ಎಡ್ಜ್ ಅಳಿಸಿದವು, ಹೊಸದಾಗಿ 3 ಕೂಡಿದವು. 4+2ರಿಂದ 5+1ಕ್ಕೆ ಹೋಗುವಾಗ 1 ಹೋಯ್ತು, 4 ಬಂತು. ಸಂಖ್ಯೆ ತೆಗೆದು ಅಕ್ಷರ ಇಟ್ಟರೆ ಸಾಕು: ಕಾಂಪೊನೆಂಟ್‌ಗಳ ಗಾತ್ರ a ಮತ್ತು b, a ≥ b ≥ 2. b ಕಡೆಯಿಂದ ಒಂದು ಚುಕ್ಕೆ a ಕಡೆಗೆ ಒಯ್ದರೆ b−1 ಹೋಗ್ತವೆ, a ಬರ್ತವೆ. ನಿವ್ವಳ a−b+1, ಅಂದರೆ ಕನಿಷ್ಠ 1 ಲಾಭ.

b ≥ 2 ಅನ್ನೋ ಷರತ್ತು ಬಿಟ್ಟರೆ ಮಾರ್ಕ್ಸ್ ಹೋಗಬಹುದು. b=1 ಇದ್ದಾಗ ಆ ಚುಕ್ಕೆ ಒಯ್ದರೆ ಕಾಂಪೊನೆಂಟೇ ಮಾಯ, k ಒಂದು ಕಡಿಮೆ ಆಗ್ತದೆ.

ಅಂದರೆ ಎರಡು ಅಥವಾ ಹೆಚ್ಚು ವರ್ಟೆಕ್ಸ್ ಇರೋ ಕಾಂಪೊನೆಂಟ್ ಎರಡು ಇರೋತನಕ ಎಡ್ಜ್ ಹೆಚ್ಚಿಸಬಹುದು. ಗರಿಷ್ಠದಲ್ಲಿ k−1 ಒಂಟಿ ಚುಕ್ಕೆ, ಉಳಿದ n−k+1 ಚುಕ್ಕೆಗಳ ಒಂದೇ ಕಂಪ್ಲೀಟ್ ಗ್ರಾಫ್. ಅದರ ಎಡ್ಜ್ ಸಂಖ್ಯೆಯೇ ನಿಮ್ಮ ಸೂತ್ರ. n=7, k=3 ಹಾಕಿ ತಾಳೆ ನೋಡ್ರಿ: 3+2+2ಕ್ಕೆ 5, 4+2+1ಕ್ಕೆ 7, 5+1+1ಕ್ಕೆ 10; ಸೂತ್ರವೂ 10.

ಉತ್ತರಪತ್ರಿಕೆಯಲ್ಲಿ ಮೂರೂ ಚಿತ್ರ ಬೇಡ, ಅವು ಸಾಧನೆ ಅಲ್ಲ. a, b ವಾದ ಬರೆದು ಪಕ್ಕಕ್ಕೆ 4+2ರ ಒಂದು ಚಿತ್ರ ಹಾಕ್ರಿ.

ಇದರ ಬೆನ್ನಿಗೇ ಬರೋ ಇನ್ನೊಂದು ಪ್ರಶ್ನೆ: (n−1)(n−2)/2ಕ್ಕಿಂತ ಹೆಚ್ಚು ಎಡ್ಜ್ ಇದ್ದರೆ ಗ್ರಾಫ್ ಕನೆಕ್ಟೆಡ್ ಅಂತ ತೋರಿಸಿ. k ≥ 2 ಆದರೆ ಗರಿಷ್ಠ ಅಷ್ಟೇ, ಹಾಗಾಗಿ k=1. "ಹೆಚ್ಚು" ಜಾಗದಲ್ಲಿ "ಅಷ್ಟೇ" ಅಂತ ಬರೆದರೆ ತಪ್ಪು: ನಿಮ್ಮ 5+1 ಚಿತ್ರದಲ್ಲಿ ಸರಿಯಾಗಿ 10 ಎಡ್ಜ್ ಇವೆ, ಗ್ರಾಫ್ ಮಾತ್ರ ಎರಡು ಹೋಳು.