ನಡುವ ಕಲಸಿದಂಗ ಬರೋ ಬ್ರೆಸ್ಟ್ ಬ್ಲಾಕಿಗೆ ವ್ಯಾಕ್ಸ್ ಟೈಮ್ ಮದ್ದಲ್ಲ

"ಮ್ಯಾಸ್ಟೆಕ್ಟಮಿ ಬ್ಲಾಕ್ ಕಟ್ ಮಾಡಿದ್ರ ಅಂಚು ಚಲೋ ಬರತೈತಿ, ನಡುವಿನ ಟ್ಯೂಮರ್ ಮೆತ್ತಗಾಗಿ ವಾಟರ್ ಬಾತ್‌ನಾಗ ಬಿಚ್ಚಿಕೊಳ್ತೈತಿ. ಸ್ಟೇನ್ ಮಾಡಿದ್ರ ಅಲ್ಲೇ ನ್ಯೂಕ್ಲಿಯಸ್ ಮಸುಕು. ಸಂಜಿಗೆ ಬಂದ ಸ್ಪೆಸಿಮನ್, ಮರುದಿನ ಮುಂಜಾನೆ ಗ್ರಾಸಿಂಗ್, ಅವತ್ತೇ ರಾತ್ರಿ ಪ್ರೊಸೆಸರ್‌ಗೆ ಹಾಕೀವಿ. ವ್ಯಾಕ್ಸ್ ಟೈಮ್ ಜಾಸ್ತಿ ಮಾಡಿದ್ರೂ ಹಂಗ ಐತಿ. ಝೈಲೀನ್ ಬದಲಿಸಬೇಕೇನ್ರಿ?"

ಅಕ್ಕಾರ, ಝೈಲೀನ್ ಇರಲಿ, ಆ ಜಾರ್ ಇನ್ನೂ ಇಟ್ಟೀರಿ ತಾನ? ಬಾಕಿ ಸ್ಪೆಸಿಮನ್ ಎಸೀಬ್ಯಾಡ್ರಿ. ಹಿಂದ ನಮ್ಮ ಲ್ಯಾಬಿನಾಗೂ ಇದೇ ತಪ್ಪು ನಡೀತಿತ್ತು. ಬ್ಲಾಕ್ ಕೆಟ್ಟಾಗೆಲ್ಲ ಪ್ರೊಸೆಸರ್ ಬೈಯೋದು, ವ್ಯಾಕ್ಸ್ ಬದಲಿಸೋದು, ಫಾರ್ಮಲಿನ್ ಕಡೆ ಮಾತ್ರ ಯಾರೂ ಹೊಳ್ಳಿ ನೋಡ್ತಿರಲಿಲ್ಲ.

ಗಂಗಾವತಿ ಸರ್ ಮ್ಯಾಲ "ವ್ಯಾಕ್ಸ್ ಟೆಂಪರೇಚರ್ ಏರಿಸ್ರಿ, ವ್ಯಾಕ್ಯೂಮ್ ಕೊಡ್ರಿ" ಅಂದಾರ. ಅದು ಅರ್ಧ ಖರೆ. ಬ್ರೆಸ್ಟಿನ ಕೊಬ್ಬಿಗೆ ವ್ಯಾಕ್ಯೂಮ್ ಉಪಯೋಗಾಗತೈತಿ. ಆದ್ರ ವ್ಯಾಕ್ಸ್ ಇಳಿಯದಿದ್ದ ಬ್ಲಾಕ್ ಬ್ಯಾರೆ ಥರ ಕಾಣತೈತಿ: ಆರಿದ ಮ್ಯಾಲ ಟಿಶ್ಯೂ ಕುಸಿದು ತಗ್ಗು ಬೀಳತೈತಿ, ಮೂಗಿನ ಹತ್ರ ಹಿಡಿದ್ರ ಝೈಲೀನ್ ವಾಸನಿ ಬರತೈತಿ, ಮತ್ತ ಮೊದಲು ಕೆಡೋದು ಕೊಬ್ಬಿರೋ ಜಾಗ. ನಿಮಗ ಕೊಬ್ಬಿರೋ ಅಂಚೇ ಚಲೋ ಬಂದೈತಿ, ಗಟ್ಟಿ ಟ್ಯೂಮರ್ ಕೆಟ್ಟೈತಿ. ಅಂದ್ರ ವ್ಯಾಕ್ಸ್ ಅಲ್ಲ, ಫಿಕ್ಸೇಷನ್. 60 ಡಿಗ್ರಿ ವ್ಯಾಕ್ಸ್‌ನಾಗ ಇನ್ನೂ ಹೊತ್ತು ಇಟ್ರ ಚಲೋ ಇರೋ ಅಂಚೂ ಬಿರುಸಾಗಿ ಬ್ಲೇಡ್ ಕೆಳಗ ಸೀಳತೈತಿ, ಅಷ್ಟೇ.

ಲೆಕ್ಕ ಹಾಕಿ ನೋಡ್ರಿ. ಫಾರ್ಮಲಿನ್ ಮೊದಲ ತಾಸಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಇಳಿಯತೈತಿ. ಮುಂದ ಅದೇ ವೇಗ ಇರಂಗಿಲ್ಲ. ಎರಡು ಪಟ್ಟು ಆಳಕ್ಕ ನಾಕು ಪಟ್ಟು ಹೊತ್ತು ಬೇಕು. ಹಂಗಾಗಿ 5 ಮಿಲಿಮೀಟರ್‌ಗೆ ಸುಮಾರು 25 ತಾಸು, ಒಂದು ಸೆಂಟಿಮೀಟರ್‌ಗೆ ನಾಕು ದಿನ. ನಿಮ್ಮ ಸ್ಪೆಸಿಮನ್ ಇಡಿಯಾಗಿ ಬಂದಿದ್ದು, ಟ್ಯೂಮರ್ ಚರ್ಮದಿಂದ ಮೂರು ಸೆಂಟಿಮೀಟರ್ ಒಳಗಿದ್ರ, ಒಂದು ರಾತ್ರಿಯಾಗ ಫಾರ್ಮಲಿನ್ ಅದನ್ನ ಮುಟ್ಟೇ ಇರಂಗಿಲ್ಲ. ಅದೂ ನಡುವ ಕೊಬ್ಬು ಬ್ಯಾರೆ. ಗ್ರಾಸಿಂಗ್ ಟೇಬಲ್ ಮ್ಯಾಲ ಕೊಯ್ದಾಗ ನೋಡಿರಬೇಕಲ್ರಿ: ಹೊರಗಿಂದು ಬೂದಿ ಬಣ್ಣ ತಿರುಗಿ ಗಟ್ಟಿಯಾಗಿರತೈತಿ, ಒಳಗ ಹಸಿ ಕೆಂಪು, ಚಾಕುವಿಗೆ ಲೋಳಿ ಹತ್ತತೈತಿ, ಬೆರಳಿಟ್ರ ಒತ್ತತೈತಿ. ಆ ಕೆಂಪು ಕಂಡ ಕೂಡಲೇ ಕೈ ನಿಲ್ಲಿಸಬೇಕು. ಅದನ್ನ ಹಂಗೇ ಕ್ಯಾಸೆಟ್‌ಗೆ ಹಾಕಿದ್ರ, ಮುಂದ ಪ್ರೊಸೆಸರ್‌ನಾಗಿನ ಆಲ್ಕೋಹಾಲ್ ಅದನ್ನ ಫಿಕ್ಸ್ ಮಾಡತೈತಿ, ಫಾರ್ಮಲಿನ್ ಅಲ್ಲ. ಟಿಶ್ಯೂ ಸೆಳೆದು ಕುಗ್ಗತೈತಿ, ಕ್ರೊಮ್ಯಾಟಿನ್ ಮಸುಕಾಗತೈತಿ. ಆಲ್ಕೋಹಾಲ್ ಹತ್ತೋಕಿಂತ ಮೊದಲೇ ಕೊಳೆತ ಭಾಗಕ್ಕ ಅದೂ ಇಲ್ಲ. ಒಂದೇ ಸ್ಲೈಡಿನಾಗ ಅಂಚು ಒಂದು ಬಣ್ಣ, ನಡು ಇನ್ನೊಂದು ಬಣ್ಣ ಬರೋದು ಇದಕ್ಕ. ಆ ಬ್ಲಾಕ್ ಕರಗಿಸಿ ಮತ್ತ ಫಾರ್ಮಲಿನ್‌ಗೆ ಹಾಕಿದ್ರೂ ಹೋದ ನ್ಯೂಕ್ಲಿಯಸ್ ವಾಪಸ್ ಬರಂಗಿಲ್ಲ. ಆದ್ರ ಬ್ಲಾಕ್ ಎಸೀಬ್ಯಾಡ್ರಿ, ನಂಬರ್ ಹಾಕಿ ಇಡ್ರಿ.

ಈಗ ಮಾಡೋದು ಇದು. ಡಾಕ್ಟರಿಗೆ ಹೇಳಿ ಜಾರ್‌ನಾಗಿನ ಬಾಕಿ ಟ್ಯೂಮರ್ ತೆಗೆಸ್ರಿ. ಟ್ಯೂಮರಿನ ಹೊರ ಅಂಚು, ಅಂದ್ರ ಪಕ್ಕದ ಟಿಶ್ಯೂಗೆ ಕೂಡೋ ಜಾಗದಿಂದ 3 ಮಿಲಿಮೀಟರ್ ದಪ್ಪದ ತುಂಡು ತೆಗೆದು, ಹೊಸ ಫಾರ್ಮಲಿನ್‌ನಾಗ ಮರುದಿನದ ತನಕ ಬಿಟ್ಟು, ಆಮ್ಯಾಲ ನಿಮ್ಮ ಹಳೇ ಟೈಮಿಂಗ್‌ನಾಗೇ ಪ್ರೊಸೆಸ್ ಮಾಡ್ರಿ. ಗ್ರೇಡಿಂಗ್‌ಗೆ ಮೈಟೋಸಿಸ್ ಎಣಿಸೋದು ಹೆಂಗೂ ಅಂಚಿನಾಗೇ, ಹಂಗಾಗಿ ನಡು ಕೆಟ್ಟಿದ್ರೂ ರಿಪೋರ್ಟ್ ಉಳೀಬಹುದು. ಟ್ಯೂಮರ್ ನಡುವ ನಿಜವಾಗೂ ನೆಕ್ರೋಸಿಸ್ ಇದ್ರ ಅದೂ ಮಸುಕಾಗೇ ಕಾಣತೈತಿ. ಅದನ್ನ ನಾವು ನೀವು ಹೇಳೋದಲ್ಲ, ಡಾಕ್ಟರು ಹೇಳಬೇಕು. ಆಳದಾಗಿನ ನಾರ್ಮಲ್ ಬ್ರೆಸ್ಟ್ ತುಂಡೂ ಹಂಗೇ ಮಸುಕಿದ್ರ ಮಾತ್ರ ತಪ್ಪು ನಮ್ಮದು ಅಂತ ತಿಳೀರಿ.

ಬಳ್ಳಾರಿ ಮೇಡಂ ಟ್ಯೂಮರಿನ ಇಆರ್, ಪಿಆರ್, ಹರ್-2 ರಿಸೆಪ್ಟರ್ ಟೆಸ್ಟಿನ ವಿಷಯ ಎತ್ತಿದ್ದು ಬಾಳ ಚಲೋ ಆತು. ಅದಕ್ಕ ಫಾರ್ಮಲಿನ್‌ನಾಗ 6ರಿಂದ 72 ತಾಸು ಅಂತಾರ, ತೆಗೆದ ಒಂದು ತಾಸಿನೊಳಗ ಫಾರ್ಮಲಿನ್‌ಗೆ ಬೀಳಬೇಕು ಅಂತಾರ. ಆದ್ರ ಜಾರ್ ಮ್ಯಾಲ ಬರೆದ ತಾಸು ಟ್ಯೂಮರ್‌ಗೆ ಸಿಕ್ಕ ತಾಸಲ್ಲ. ಸಿಂಧನೂರಿಂದ ಶನಿವಾರ ಹೊರಟು ಸೋಮವಾರ ಬಂದ ಇಡೀ ಸ್ಪೆಸಿಮನ್ "40 ತಾಸು ಫಿಕ್ಸ್" ಅಂತ ಫಾರ್ಮ್‌ನಾಗ ಇರತೈತಿ, ಕೊಯ್ದ್ರ ಒಳಗ ಹಸಿ. ಇಂಥದ್ದಕ್ಕ ರಿಸೆಪ್ಟರ್ ನೆಗೆಟಿವ್ ಬಂದ್ರ ಎಷ್ಟು ನಂಬಬೇಕು ಅನ್ನೋದನ್ನ ಮೇಡಂ ಅವರೇ ಹೇಳಲಿ.

ಮುಂದ ಹಿಂಗಾಗಬಾರದಂದ್ರ ಸ್ಪೆಸಿಮನ್ ಬಂದ ಸಂಜಿಗೇ ಕೊಯ್ದು ಬಿಡಿಸಬೇಕು. ನೀವಾಗೇ ಚಾಕು ಹಚ್ಚಬ್ಯಾಡ್ರಿ, ಡೀಪ್ ಮಾರ್ಜಿನ್‌ಗೆ ಇಂಕ್ ಹಚ್ಚದ ಕೊಯ್ದ್ರ ಡಾಕ್ಟರ್ ಬೈಯೋದು ನ್ಯಾಯ. ಇಂಕ್ ಆದ ಮ್ಯಾಲ ಹಿಂಬದಿಯಿಂದ ಒಂದೊಂದು ಸೆಂಟಿಮೀಟರ್‌ಗೆ ಸೀಳಿ, ಚರ್ಮ ಹರಿಯದಂಗ ಬಿಟ್ಟು, ಹೋಳುಗಳ ನಡುವ ಫಾರ್ಮಲಿನ್ ತೊಯ್ದ ಗಾಜ್ ಇಡಬೇಕು. ಆಗ ಎರಡೂ ಕಡೆಯಿಂದ ಐದೈದು ಮಿಲಿಮೀಟರ್ ಇಳಿದ್ರ ಸಾಕು, ಒಂದು ದಿನದಾಗ ಮುಗೀತೈತಿ. ಫಾರ್ಮಲಿನ್ ಸ್ಪೆಸಿಮನ್‌ನ ಹತ್ತು ಪಟ್ಟು ಬೇಕು. ಎರಡು ಲೀಟರ್ ಡಬ್ಬಿಯಾಗ ಪೂರ್ತಿ ಬ್ರೆಸ್ಟ್ ತುರುಕಿ ಮ್ಯಾಲ ಒಂದು ಗ್ಲಾಸ್ ಸುರಿದು ಕಳಿಸೋ ಥಿಯೇಟರಿನವರಿಗೆ ಏನು ಹೇಳಬೇಕ್ರಿ? ಅಗಲ ಬಾಯಿಯ ಬಕೆಟ್ ನಾವೇ ಕಳಿಸೋದು ಸುಲಭ. ಬ್ಯಾಸಗಿಯಾಗ ಫಾರ್ಮಲಿನ್ ಸಿಗೋದು ತಡ ಆದ್ರ ಫ್ರಿಜ್‌ನಾಗ ಇಡಲಿ, ಫ್ರೀಜರ್‌ನಾಗ ಅಲ್ಲ. ಹೆಪ್ಪುಗಟ್ಟಿದ್ರ ಐಸ್ ಹರಳಿನ ತೂತು ಸೆಕ್ಷನ್ ತುಂಬ ಕಾಣತೈತಿ.

ಬಫರ್ ಫಾರ್ಮಲಿನ್ ನಾವೇ ಮಾಡತೀವಿ: 100 ಎಂಎಲ್ ಫಾರ್ಮಲ್ಡಿಹೈಡ್, 900 ಎಂಎಲ್ ಡಿಸ್ಟಿಲ್ಡ್ ನೀರು, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಫಾಸ್ಫೇಟ್. ರೆಡಿಮೇಡ್ ತರೋರು ತರಲಿ, ನನಗಂತೂ ದುಡ್ಡು ದಂಡ ಅನ್ನಿಸತೈತಿ. ಬಫರ್ ಇಲ್ಲದ ನಳದ ನೀರಿನ ಫಾರ್ಮಲಿನ್ ಮಾತ್ರ ಬ್ಯಾಡ. ರಕ್ತ ಇರೋ ಕಡೆ ಕಂದು-ಕಪ್ಪು ಪಿಗ್ಮೆಂಟ್ ಕೂತು ಡಾಕ್ಟರ ತಲಿ ತಿನ್ನತೈತಿ.

ಕುಷ್ಟಗಿ ಅಣ್ಣ, ಕಟ್ ಮಾಡುವಾಗ ಕರ್ ಅಂತೈತಿ ಅಂತ ನೀವು ಕೇಳಿದ ಬೋನ್ ಬ್ಲಾಕ್ ಕಥಿ ಬ್ಯಾರೆ. ಬ್ಲೇಡಿಗೆ ಕರ್ ಅನ್ನೋದು ಸುಣ್ಣ ಉಳಿದದ್ದು. ಟ್ರಿಮ್ ಮಾಡಿದ ಬ್ಲಾಕ್ ಮುಖಕ್ಕ ಡೀಕ್ಯಾಲ್ ದ್ರಾವಣ ತೊಯ್ದ ಗಾಜ್ ಒಂದು ತಾಸು ಒತ್ತಿಟ್ಟು, ತೊಳೆದು, ತಣ್ಣಗ ಮಾಡಿ ಕಟ್ ಮಾಡ್ರಿ. ಮೊದಲ ಕೆಲವು ಸೆಕ್ಷನ್ ಅಷ್ಟೇ ಸಿಗತಾವ, ಅವನ್ನ ಬಿಡಬ್ಯಾಡ್ರಿ. ಇನ್ನ ನೀವು ಕೇಳಿದ "ಹಿಮಾಟಾಕ್ಸಿಲಿನ್ ಕೆಂಪಾಗೇ ಉಳಿಯತೈತಿ" ಅನ್ನೋದು ಆರ್‌ಒ ನೀರು ಹಾಕಿಸಿದ ಮ್ಯಾಲ ಶುರುವಾತೇನು? ನಮ್ಮ ಕಡೆ ಬೋರಿನ ಗಡಸು ನೀರಿನಾಗ ಬ್ಲೂಯಿಂಗ್ ತಾನಾಗೇ ಆಗತೈತಿ, ಆರ್‌ಒನಾಗ ಆಗಂಗಿಲ್ಲ. ಆ ಒಂದು ಟ್ರೇಗೆ ಬೋರ್ ನೀರೇ ಹಾಕ್ರಿ.