ಆಟೋಮ್ಯಾಟಾ ಪ್ರಶ್ನೆಯಲ್ಲಿ ಆಪ್ಶನ್ ಹೊಡೆದುಹಾಕುವ ಬಗ್ಗೆ

> "ಅಣ್ಣಾ, ಗೇಟ್ ಪೇಪರ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಪ್ರಶ್ನೆ ಬಂದ್ರೆ ಐದು ನಿಮಿಷ ಹೋಗ್ತಿದೆ. ಡಿಎಫ್ಎ ಬರೀದೆ ಆಪ್ಶನ್ ಹೊಡೆದುಹಾಕೋಕೆ ದಾರಿ ಇದೆಯಾ?"

ಇದೆ ತಮ್ಮಾ. ಚಿಕ್ಕ ಸ್ಟ್ರಿಂಗ್‌ಗಳನ್ನು ಹಾಕಿ ನೋಡು. ಮೊದಲು ಖಾಲಿ ಸ್ಟ್ರಿಂಗ್, ಆಮೇಲೆ ಒಂದಕ್ಷರದ್ದು, ಎರಡಕ್ಷರದ್ದು. `bb` ಎಲ್ಲೂ ಬರಬಾರದು ಅನ್ನುವ ಭಾಷೆ ಕೇಳಿದ್ದಾರೆ ಅಂದುಕೋ:

```
1) (a+ba)*b
2) (a+ba)*
3) (ε+b)(a+ab)*(ε+b)
4) (ε+b)(a+ab)*
```

ಖಾಲಿ ಸ್ಟ್ರಿಂಗ್ ಈ ಭಾಷೆಯಲ್ಲಿದೆ. 1ರಲ್ಲಿ ಕೊನೆಗೆ `b` ಇರಲೇಬೇಕು, ಹಾಗಾಗಿ ಅದು ಹೋಯಿತು. ಬರೀ `b` ಹಾಕು. 2ರಲ್ಲಿ ಪ್ರತಿ `b` ಆದಮೇಲೆ ಒಂದು `a` ಅಂಟಿಕೊಂಡಿದೆ, ಅದೂ ಹೋಯಿತು. ಉಳಿದದ್ದು ಎರಡು.

ಇಲ್ಲೇ ನಾನು ಎಡವುತ್ತಿದ್ದೆ. ದಾವಣಗೆರೆಯ ವಿದ್ಯಾನಗರದ ರೂಮಿನಲ್ಲಿ ಓದುವಾಗ, ಬರಬೇಕಾದ ಸ್ಟ್ರಿಂಗ್ ಬಂತಾ ಅಂತಷ್ಟೇ ನೋಡಿ 3ಕ್ಕೆ ಟಿಕ್ ಹಾಕುತ್ತಿದ್ದೆ. ಅದರಲ್ಲಿ ಎಲ್ಲವೂ ಬರುತ್ತದೆ ನಿಜ. ಆದರೆ ಮೊದಲ `b`, ನಡುವೆ ಏನೂ ಇಲ್ಲ, ಕೊನೆಯ `b`: `bb` ಸಹ ಬಂದುಬಿಡುತ್ತದೆ! ಬರಬಾರದ್ದನ್ನೂ ಒಂದು ಹಾಕಿ ನೋಡಲೇಬೇಕು. ಉತ್ತರ 4.

ಗ್ರಾಮರ್‌ಗೂ ಇದೇ ದಾರಿ, ಆದರೆ ಸ್ಟ್ರಿಂಗ್ ಆರಿಸುವುದರಲ್ಲಿ ಜಾಣತನ ಬೇಕು. `a` ಎಷ್ಟೋ `b` ಅಷ್ಟೇ ಇರುವ ಎಲ್ಲ ಸ್ಟ್ರಿಂಗ್‌ಗಳಿಗೆ `S → aSb | bSa | ε` ಸಾಕು ಅನ್ನಿಸುತ್ತದೆ. `ab`, `ba` ಎರಡೂ ಪಾಸ್. `abba` ಹಾಕು. ಮೊದಲೂ `a`, ಕೊನೆಯೂ `a`, ಹಾಗೆ ಶುರು ಮಾಡುವ ನಿಯಮವೇ ಇಲ್ಲ. `S → SS` ಸೇರಿಸಿದರೆ ಸರಿಹೋಗುತ್ತದೆ. ಎರಡಕ್ಷರಕ್ಕೇ ನಿಲ್ಲಿಸಿದ್ದರೆ ಇದು ಸಿಗುತ್ತಿರಲಿಲ್ಲ. ಎಷ್ಟು ಉದ್ದದವರೆಗೆ ನೋಡಬೇಕು ಅನ್ನುವುದಕ್ಕೆ ಒಂದೇ ಲೆಕ್ಕ ಇಲ್ಲ. ತಪ್ಪು ಆಪ್ಶನ್ ಹೊಡೆಯಲು ಒಂದು ಸ್ಟ್ರಿಂಗ್ ಸಾಕು, ಉಳಿದದ್ದು ಸರಿ ಅಂತ ಸಾಬೀತು ಮಾಡಲು ಹತ್ತು ಹಾಕಿದರೂ ಸಾಲದು.

ಈ ಚರ್ಚೆಯಲ್ಲಿ ಒಬ್ಬ ಸರ್, "ಎರಡು ಎಣಿಕೆ ಹೋಲಿಸಿದ್ರೆ ರೆಗ್ಯುಲರ್ ಅಲ್ಲ, ಕಣ್ಣುಮುಚ್ಚಿ ಹೊಡೀರಿ" ಎಂದಿದ್ದಾರೆ. ಅರ್ಧ ಸರಿ ಸರ್. `a` ಎಷ್ಟೋ `b` ಅಷ್ಟೇ ಅಂದರೆ ನಿಮ್ಮ ಮಾತು ಸರಿ. ಆದರೆ `a`, `b` ಎರಡೇ ಅಕ್ಷರ ಇರುವಾಗ "`ab` ಎಷ್ಟು ಸಲವೋ `ba` ಅಷ್ಟೇ ಸಲ" ಅಂದರೆ ಅದು ರೆಗ್ಯುಲರ್. `a`ಯಿಂದ `b`ಗೆ ಹೋದವನು ಮತ್ತೆ `a`ಗೆ ಬರದೆ ಇನ್ನೊಂದು `ab` ಮಾಡಲಾರ. ಹಾಗಾಗಿ ಮೊದಲ ಮತ್ತು ಕೊನೆಯ ಅಕ್ಷರ ಒಂದೇನಾ ಅಂತ ನೋಡಿದರೆ ಮುಗಿಯಿತು. ಮೂರನೇ ಅಕ್ಷರ `c` ಸೇರಿದರೆ ಈ ಉಪಾಯ ನಡೆಯುವುದಿಲ್ಲ.

ಇನ್ನೊಂದು, ಒಂದಕ್ಕಿಂತ ಹೆಚ್ಚು ಉತ್ತರ ಸರಿ ಇರಬಹುದಾದ ಎಂಎಸ್‌ಕ್ಯೂನಲ್ಲಿ ಎರಡು ಹೊಡೆದು ಉಳಿದದ್ದರಲ್ಲಿ ಒಂದನ್ನು ಊಹಿಸುವ ಆಟ ನಡೆಯಲ್ಲ. ಅಲ್ಲಿ ನೆಗೆಟಿವ್ ಇಲ್ಲ, ಆದರೆ ಸರಿಯಾದವೆಲ್ಲ ಟಿಕ್ ಆಗದಿದ್ದರೆ ಸೊನ್ನೆ. ಒಂದೇ ಉತ್ತರದ 2 ಅಂಕದ ಪ್ರಶ್ನೆ ತಪ್ಪಿದರೆ 2/3 ಅಂಕ ಹೋಗುತ್ತದೆ. ಎರಡು ಆಪ್ಶನ್ ಉಳಿದಾಗ ನಾನಂತೂ ಹಾಕುತ್ತಿದ್ದೆ, ನನ್ನ ರೂಮ್‌ಮೇಟ್ ಬಿಡುತ್ತಿದ್ದ.