97ರ ಅಜ್ಜಿಗೆ ‘ನೂರು ವರ್ಷ ಬಾಳಿ’ ಅನ್ನಬೇಡಿ

*ಮೇಡಂ, ನಾನು ಹಾಸನದವಳು. ಗಂಡ ಚೀನಾದವರು, ಊರು ಜಿನಾನ್. ಮುಂದಿನ ತಿಂಗಳು ಅವರ ಅಪ್ಪನ ತಾಯಿಯ ಹುಟ್ಟುಹಬ್ಬ. ಮೊಮ್ಮಕ್ಕಳು, ಸೊಸೆಯರು ಒಬ್ಬೊಬ್ಬರಾಗಿ ಎಲ್ಲರೆದುರು ಹಾರೈಸಬೇಕಂತೆ. ಇಂಟರ್ನೆಟ್ಟಿನಲ್ಲಿ ಹುಡುಕಿ ‘ಛಾಂಗ್ ಮಿಂಗ್ ಪಾಯ್ ಸ್ವೇ’ ಕಲಿತಿದ್ದೇನೆ, ನೂರು ವರ್ಷ ಬಾಳಿ ಅಂತ. ನಮ್ಮಲ್ಲೂ ಅದನ್ನೇ ಹೇಳೋದು ಅಲ್ವಾ? ‘ವಾನ್ ಷೋ ವೂ ಚ್ಯಾಂಗ್’ ಅಂತಲೂ ಒಂದಿದೆ, ಕೊನೆಯಿಲ್ಲದ ಆಯುಸ್ಸು ಅಂತೆ, ಅದು ಇನ್ನೂ ಚೆಂದ ಅನ್ನಿಸಿತು. ನಾದಿನಿಗೆ ಹೇಳಿ ತೋರಿಸಿದರೆ ನಕ್ಕುಬಿಟ್ಟಳು. ಗಂಡ ‘ಏನು ಹೇಳಿದ್ರೂ ಅಜ್ಜಿ ಖುಷಿಪಡ್ತಾರೆ ಬಿಡು’ ಅಂತಾರೆ. ಅಜ್ಜಿಗೆ 97 ತುಂಬುತ್ತೆ, ಕಿವಿ ಸ್ವಲ್ಪ ಮಂದ. ಸುಮ್ನೆ ಕಾರ್ಡ್ ಕೊಟ್ಟು ಕೈಮುಗಿದುಬಿಡಲಾ?*

ನೋಡಮ್ಮ, ಇಡೀ ಕಾಗದದಲ್ಲಿ ಮುಖ್ಯವಾದ ಮಾತನ್ನು ನೀನು ಕೊನೆಯಲ್ಲಿ, ಕಿವಿ ಮಂದ ಅನ್ನೋದರ ಜೊತೆ ಸೇರಿಸಿ ಹಾಗೇ ಹೇಳಿ ಮುಗಿಸಿದ್ದೀಯ. 97! ಅದನ್ನು ಓದಿದ ಮೇಲೆ ಈ ವಾರ ಬೇರೆ ಯಾವ ಕಾಗದಕ್ಕೂ ಕೈ ಹಾಕಲು ನನಗೆ ಮನಸ್ಸಾಗಲಿಲ್ಲ.

97 ವರ್ಷದವರಿಗೆ ‘ನೂರು ವರ್ಷ ಬಾಳಿ’ ಅಂದರೆ ಇನ್ನು ಮೂರೇ ವರ್ಷ ಅಂದ ಹಾಗೆ. ಅವರ ಹಳೆಯ ಲೆಕ್ಕದಲ್ಲಿ ಮಗು ಹುಟ್ಟಿದಾಗಲೇ ಒಂದು ವರ್ಷ ಅಂತ ಎಣಿಸುತ್ತಾರೆ. ಆ ಪ್ರಕಾರ ಅಜ್ಜಿಗೆ ಅವತ್ತು 98. ಉಳಿಯೋದು ಎರಡೇ. ಅಲ್ಲಿ ‘ಛಾಂಗ್ ಮಿಂಗ್ ಪಾಯ್ ಸ್ವೇ’ ಹೆಚ್ಚಾಗಿ ಕೂಸುಗಳಿಗೆ ಸಲ್ಲುವ ಹಾರೈಕೆ. ಮಗುವಿಗೆ ತಿಂಗಳು ತುಂಬಿದಾಗಲೋ ನೂರು ದಿನ ಆದಾಗಲೋ ಕೊರಳಿಗೆ ಬೀಗದ ಆಕಾರದ ಬೆಳ್ಳಿ ಪದಕ ಹಾಕುತ್ತಾರಲ್ಲ, ಅದರ ಮೇಲೆ ಕೆತ್ತುವ ನಾಲ್ಕು ಅಕ್ಷರ ಇವೇ. ಎಳೆಗೂಸಿಗೆ ನೂರು ಅಂದರೆ ಬಲು ದೂರ. ಅಜ್ಜಿಗೆ ಅದು ಪಕ್ಕದ ಬೀದಿ. ಇನ್ನೊಂದು ವಿಷಯ, ‘ನೂರು ವರ್ಷದ ನಂತರ’ ಅನ್ನೋದು ಚೀನೀ ಭಾಷೆಯಲ್ಲಿ ‘ಅವರು ತೀರಿಕೊಂಡ ಮೇಲೆ’ ಅನ್ನೋದನ್ನು ನಯವಾಗಿ ಹೇಳುವ ರೀತಿ. ಅಂಥ ಊಟದ ಮನೆಯಲ್ಲಿ ಯಾರೂ ಆ ನೂರರ ಹತ್ತಿರ ಸುಳಿಯಬಾರದು. ನಮ್ಮ ಮನೆಗಳಲ್ಲೂ ತೊಂಬತ್ತು ದಾಟಿದವರಿಗೆ ‘ಶತಾಯುಷಿಗಳಾಗಿ’ ಅಂತ ಹಾರೈಸುವುದನ್ನು ನಿಲ್ಲಿಸಬೇಕು ಅಂತ ನಾನು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದೇನೆ. ಕೇಳುವವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ.

ಎರಡನೆಯದು ಬೇರೆ ಕಾರಣಕ್ಕೆ ಬೇಡ. ‘ವಾನ್ ಷೋ ವೂ ಚ್ಯಾಂಗ್’ ಚಕ್ರವರ್ತಿಗಳಿಗೆ ಹೇಳುತ್ತಿದ್ದ ಮಾತು. ಆಮೇಲೆ 1966ರಿಂದ ಶುರುವಾದ ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಜನ ಮಾವೋ ಅವರ ಹೆಸರಿಗೆ ಸೇರಿಸಿ ಇದನ್ನೇ ಕೂಗುತ್ತಿದ್ದರು. ಇವತ್ತು 97 ಆಗಿರುವ ಹೆಂಗಸು ಅದನ್ನು ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ಬದುಕಿರುವವರು. ಆ ವರ್ಷಗಳಲ್ಲಿ ಅವರ ಮನೆಯಲ್ಲಿ ಏನೇನಾಯಿತೋ ನಿನಗೆ ಗೊತ್ತಿಲ್ಲ. ನಿನ್ನ ನಾದಿನಿ ನಕ್ಕಿದ್ದು ಬಹುಶಃ ಇದಕ್ಕೇ ಇರಬೇಕು, ಅವಳ ಮೇಲೆ ನನಗೆ ಕೋಪವಿಲ್ಲ.

ಕೋಪ ಇರುವುದು ನಿನ್ನ ಗಂಡನ ಮೇಲೆ. ಅವನಿಗೆ ಇದೆಲ್ಲ ಚಿಕ್ಕಂದಿನಿಂದ ಗೊತ್ತು. ‘ಏನು ಹೇಳಿದ್ರೂ ಖುಷಿ’ ಅಂದರೆ ಅಜ್ಜಿಯ ಖುಷಿಯ ಭಾರ ನಿನ್ನ ತಲೆಗೆ, ಎಲ್ಲರೆದುರು ಎಡವಿದರೆ ಆ ಅವಮಾನವೂ ನಿನ್ನ ತಲೆಗೆ. ಬೇರೆ ಭಾಷೆಯ ಮನೆಗೆ ಬಂದ ಸೊಸೆಯ ಮೊದಲ ಮಾತುಗಳಿಗೆ ಆ ಮನೆಯ ಮಗನೇ ಹೊಣೆ. ಎಷ್ಟು ಕಾಗದ ಬಂದರೂ ಇದರಲ್ಲಿ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ಹೇಳಬೇಕಾದ್ದು ಇದು: ‘ನಾಯ್ನಾಯ್, ಚು ನೀನ್ ಫು ರು ತುಂಗ್ ಹಾಯ್, ಷೋ ಪಿ ನಾನ್ ಷಾನ್.’ ಅಜ್ಜಿ, ನಿಮ್ಮ ಭಾಗ್ಯ ಮೂಡಣ ಕಡಲಿನಷ್ಟಿರಲಿ, ಆಯುಸ್ಸು ತೆಂಕಣ ಬೆಟ್ಟದಷ್ಟಿರಲಿ. ಇದರಲ್ಲಿ ಎಣಿಕೆಯೇ ಇಲ್ಲ, ಅದಕ್ಕೇ ಅರವತ್ತಕ್ಕೂ ಒಪ್ಪುತ್ತೆ, 97ಕ್ಕೂ ಒಪ್ಪುತ್ತೆ. ತೆಂಕಣ ಬೆಟ್ಟ ಅಂದರೆ ಈಗಿನ ಷಿಆನ್ ನಗರದ ದಕ್ಷಿಣಕ್ಕಿರುವ ಚುಂಗ್‌ನಾನ್ ಬೆಟ್ಟ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆಯುಸ್ಸನ್ನು ಆ ಬೆಟ್ಟಕ್ಕೆ ಹೋಲಿಸುವುದು ಎರಡೂವರೆ ಸಾವಿರ ವರ್ಷಕ್ಕೂ ಹಳೆಯ ‘ಷಿಚಿಂಗ್’ ಹಾಡುಗಳಲ್ಲೇ ಇದೆ. ಅಜ್ಜಿ ಜೀವಮಾನವಿಡೀ ಎಷ್ಟೋ ಹುಟ್ಟುಹಬ್ಬಗಳಲ್ಲಿ ಇದನ್ನು ಕೇಳಿರುತ್ತಾರೆ. ಕಿವಿ ಮಂದವಾದವರಿಗೆ ಹೊಸ ಮಾತಿಗಿಂತ ಕೇಳಿ ಕೇಳಿ ಪಳಗಿದ ಮಾತು ಬೇಗ ಸಿಗುತ್ತೆ, ಅರ್ಧ ಕೇಳಿಸಿದರೆ ಉಳಿದರ್ಧವನ್ನು ಅವರೇ ತುಂಬಿಕೊಳ್ಳುತ್ತಾರೆ.

ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕಲಿಯಬೇಡ, ಕನ್ನಡದಲ್ಲೇ ಬರೆದುಕೋ. ಇಂಗ್ಲಿಷ್ ಅಕ್ಷರದಲ್ಲಿ ಬಿ, ಡಿ ಕಂಡ ಕಡೆ ನಿಜವಾದ ಉಚ್ಚಾರ ನಮ್ಮ ಪ, ತ ಹತ್ತಿರ ಇರುತ್ತೆ. ಪಿ, ಟಿ ಕಂಡ ಕಡೆ ಉಸಿರು ಸೇರಿದ ಮಹಾಪ್ರಾಣ. ಆ ವ್ಯತ್ಯಾಸ ನಮ್ಮ ನಾಲಿಗೆಗೆ ಮೊದಲೇ ಗೊತ್ತು. ಷ ಅಂತೂ ನಮ್ಮದೇ, ನಾಲಿಗೆ ಮೇಲಕ್ಕೆ ಮಡಚಿ ಹೇಳು. ‘ಫು’ ಮಾತ್ರ ಫೋನ್ ಅನ್ನುವಾಗಿನ ಫ. ‘ನೀನ್’ ಅನ್ನೋದನ್ನು ‘ನೀ’ ಅಂತ ಮೊಟಕು ಮಾಡಬೇಡ, ಅವರಲ್ಲಿ ‘ನೀನ್’ ಅನ್ನೋದೇ ನಮ್ಮ ‘ನೀವು’ ಥರ ಗೌರವದ ಮಾತು, ‘ನೀ’ ಅನ್ನೋದು ಓರಗೆಯವರಿಗೆ.

ಸ್ವರದ ಏರಿಳಿತದ ಭಯ ಇರುತ್ತೆ, ಗೊತ್ತು. ಚೀನೀ ಭಾಷೆಯ ನಾಲ್ಕು ಸ್ವರಗಳಿಗೆ ಒಂದರಿಂದ ನಾಲ್ಕರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಒಂದನೆಯದು ಎತ್ತರದಲ್ಲಿ ನೇರ, ಎರಡನೆಯದು ಏರುವುದು, ಮೂರನೆಯದು ತಗ್ಗಿನಲ್ಲಿ ಇರುವುದು, ನಾಲ್ಕನೆಯದು ಮೇಲಿಂದ ದಪ್ಪನೆ ಬೀಳುವುದು. ‘ಷೋ ಪಿ ನಾನ್ ಷಾನ್’ ಇದೆಯಲ್ಲ, ಅದು ಸರಿಯಾಗಿ ನಾಲ್ಕು, ಮೂರು, ಎರಡು, ಒಂದು. ಷೋ ಬೀಳಿಸು, ಪಿ ತಗ್ಗಿಸು, ನಾನ್ ಏರಿಸು, ಷಾನ್ ಮೇಲೇ ನಿಲ್ಲಿಸು. ಮೊದಲರ್ಧ ಎರಡು, ಎರಡು, ಒಂದು, ಮೂರು. ಹೇಳಿ ನೋಡು, ಹಾಡಿನ ಹಾಗೆ ಬಾಯಿಗೆ ಕೂರುತ್ತೆ. ಗಂಡನಿಗೆ ಹೇಳಿ ಅವನ ದನಿಯಲ್ಲಿ ರೆಕಾರ್ಡ್ ಮಾಡಿಸಿಕೋ, ಅವನು ಮಾಡಬೇಕಾದ ಪ್ರಾಯಶ್ಚಿತ್ತ ಅದು. ನಿನ್ನದನ್ನೂ ರೆಕಾರ್ಡ್ ಮಾಡಿ ಪಕ್ಕಪಕ್ಕದಲ್ಲಿ ಕೇಳು. ಷೋ ಬೀಳದೆ ಎತ್ತರದಲ್ಲೇ ನೇರವಾಗಿ ನಿಂತರೆ ಅದು ‘ಆಯುಸ್ಸು’ ಆಗಲ್ಲ, ‘ತೆಗೆದುಕೊಳ್ಳುವುದು’ ಅನ್ನುವ ಬೇರೆ ಮಾತಾಗುತ್ತೆ. ತಪ್ಪಿದೆಯಾ ಅಂತ ಅಲ್ಲೇ ನೋಡಿಕೋ.

ಕಾರ್ಡ್ ಕೊಟ್ಟು ಕೈಮುಗಿಯೋದು ಸಾಲದು. ನಮ್ಮಲ್ಲಿ ಚಿಕ್ಕವರು ಕಾಲಿಗೆ ಬೀಳುತ್ತಾರೆ, ಮಾತು ದೊಡ್ಡವರದು, ‘ಚೆನ್ನಾಗಿರು’ ಅಂತ ಅವರು ಹರಸುತ್ತಾರೆ. ಅಲ್ಲಿ ಆ ದಿನ ಚಿಕ್ಕವರೇ ಬಾಯಿಬಿಟ್ಟು ಹೇಳಬೇಕು. ಮೊಮ್ಮಗನ ಹೆಂಡತಿ ಸುಮ್ಮನೆ ನಿಂತರೆ ಸಾಲಿನಲ್ಲಿ ಒಂದು ಹಾರೈಕೆ ಕಡಿಮೆ ಬೀಳುತ್ತೆ. ಕಾರ್ಡ್ ಬೇಕಿದ್ದರೆ ಕೊಡು, ಕೆಂಪು ಬಣ್ಣದ್ದು ಇರಲಿ, ಬಿಳಿ ಬೇಡ, ಅದು ಸಾವಿನ ಮನೆಯ ಬಣ್ಣ.

ಹಾಗಾಗಿ ನೀನು ಮಾಡಬೇಕಾದ್ದು ಒಂದೇ. ನಿನ್ನ ಸರದಿ ಬಂದಾಗ ದೂರದಿಂದ ಹೇಳಬೇಡ. ಹತ್ತಿರ ಹೋಗು, ಅಜ್ಜಿಯ ಮುಖದ ಮಟ್ಟಕ್ಕೆ ಬಗ್ಗು, ‘ನಾಯ್ನಾಯ್’ ಅಂತ ಕರೆದು ನಿಲ್ಲಿಸು. ಅವರು ನಿನ್ನ ಬಾಯಿ ನೋಡಲಿ. ನೋಡಿದ ಮೇಲೆ ಉಳಿದದ್ದನ್ನು ಕಿರುಚದೆ, ದಪ್ಪ ದನಿಯಲ್ಲಿ ನಿಧಾನವಾಗಿ ಹೇಳು. ಕೈಗೆ ಕೆಂಪು ಲಕೋಟೆ ಇಟ್ಟರೆ ಎರಡೂ ಕೈಯಲ್ಲಿ ತಗೋ, ಅಲ್ಲೇ ಬಿಚ್ಚಬೇಡ.